ಹಳೆ ಕಾರು ಶೋರೂಮಿಗೆ ಕೊಡುವುದೋ, ಹೊರಗೆ ಮಾರುವುದೋ? ನೋಡಬೇಕಾದದ್ದು ಎರಡು ಚೀಟಿ, ಒಂದು ಆರ್‌ಸಿ

ಹೊಸ ಕಾರು ನೋಡಲು ಶೋರೂಮಿಗೆ ಹೋದರೆ ಮಾರಾಟ ಪ್ರತಿನಿಧಿ ಕಾಫಿ ತರಿಸುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: "ಸರ್, ಹಳೆ ಗಾಡಿ ಎಕ್ಸ್‌ಚೇಂಜ್ ಇದೆಯೇ?" ಇದೆ ಎಂದರೆ ಒಳಗಿನಿಂದ ಇನ್ನೊಬ್ಬರು ಬರುತ್ತಾರೆ. ಕಾರನ್ನು ಒಂದು ಸುತ್ತು ಹಾಕಿ, ಬಾನೆಟ್ ಎತ್ತಿ, ಬಾಗಿಲ ಅಂಚಿನ ರಬ್ಬರ್ ಸರಿಸಿ ಬೆಸುಗೆಯ ಗುರುತು ನೋಡಿ, ನಾಲ್ಕಾರು ಫೋಟೋ ತೆಗೆದು ಹೋಗುತ್ತಾರೆ. ಅರ್ಧ ಗಂಟೆಯಲ್ಲಿ ಒಂದು ಬೆಲೆ ಬರುತ್ತದೆ. ಅದನ್ನು ಕೇಳಿ ಖುಷಿಪಟ್ಟವರು ಅಪರೂಪ. ಸಂಜೆ ಮನೆಗೆ ಬಂದರೆ ಭಾವ "ಹೊರಗೆ ಮಾರಿದರೆ ಇನ್ನೂ ಐವತ್ತು ಸಾವಿರ ಬರುತ್ತದೆ" ಎನ್ನುತ್ತಾರೆ. ಎದುರು ಮನೆಯವರು "ಆ ತಲೆನೋವು ಯಾಕೆ, ಶೋರೂಮಿಗೇ ತಳ್ಳಿಬಿಡಿ" ಎನ್ನುತ್ತಾರೆ.

ಇಬ್ಬರೂ ಲೆಕ್ಕ ಮಾಡಿ ಹೇಳುತ್ತಿಲ್ಲ. ಐವತ್ತು ಸಾವಿರ ಹೆಚ್ಚು ಎಂಬುದು ಯಾವ ಸಂಖ್ಯೆಗಿಂತ ಹೆಚ್ಚು? ತಲೆನೋವು ಇಲ್ಲ ಎಂಬುದು ಯಾರಿಗೆ ಇಲ್ಲ? ಈ ಎರಡನ್ನು ಸರಿಯಾಗಿ ಕೇಳಿಕೊಂಡರೆ ನಿರ್ಧಾರ ಬಹುಮಟ್ಟಿಗೆ ತಾನೇ ಆಗುತ್ತದೆ. ಮೊದಲನೆಯದು ಹಣದ ವಿಷಯ, ಎರಡನೆಯದು ಆರ್‌ಸಿಯ ವಿಷಯ. ಜನ ಮೊದಲನೆಯದರ ಬಗ್ಗೆ ವಾರಗಟ್ಟಲೆ ಚರ್ಚಿಸಿ ಎರಡನೆಯದನ್ನು ಒಂದು ಸಹಿಯಲ್ಲಿ ಮುಗಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಲೆಕೆಳಗಾದ ಕ್ರಮ.

ಶೋರೂಮಿನ ಬೆಲೆ ಯಾಕೆ ಕಡಿಮೆ

ನಿಮ್ಮ ಕಾರನ್ನು ನೋಡಿ ಹೋದ ವ್ಯಕ್ತಿ ಆ ಅರ್ಧ ಗಂಟೆಯಲ್ಲಿ ಏನು ಮಾಡುತ್ತಾನೆ ಎಂದು ತಿಳಿದರೆ ಬೆಲೆಯ ಹಿಂದಿನ ತರ್ಕ ಗೊತ್ತಾಗುತ್ತದೆ. ಕೆಲವು ದೊಡ್ಡ ಡೀಲರ್‌ಗಳು ಹಳೆ ಕಾರುಗಳನ್ನು ತಾವೇ ದುರಸ್ತಿ ಮಾಡಿ, ತಮ್ಮದೇ ಹಳೆ ಕಾರಿನ ಮಳಿಗೆಯಲ್ಲಿ ಮಾರುತ್ತಾರೆ. ಆದರೆ ಎಲ್ಲ ಕಾರುಗಳೂ ಅಲ್ಲಿಗೆ ಹೋಗುವುದಿಲ್ಲ. ಎಷ್ಟೋ ಸಲ ನಿಮ್ಮ ಕಾರಿನ ಫೋಟೋಗಳು ಊರಿನ ದಲ್ಲಾಳಿಗಳ ಮೊಬೈಲ್‌ಗಳಿಗೆ ಹೋಗುತ್ತವೆ. ಯಾರು ಹೆಚ್ಚು ಹೇಳುತ್ತಾರೋ ಅವರ ಬೆಲೆಯಲ್ಲಿ ಸ್ವಲ್ಪ ಮುರಿದುಕೊಂಡು ಶೋರೂಂ ನಿಮಗೆ ಹೇಳುತ್ತದೆ. ಆ ದಲ್ಲಾಳಿ ಕಾರಿಗೆ ಪಾಲಿಶ್ ಹಾಕಿಸಬೇಕು, ಟೈರ್ ಸವೆದಿದ್ದರೆ ಬದಲಿಸಬೇಕು, ಮಾರಾಟವಾಗುವವರೆಗೆ ಹಣ ಕಟ್ಟಿಹಾಕಿಕೊಂಡು ಕೂರಬೇಕು. ಒಳಗೆ ಏನಾದರೂ ದೋಷ ಇದ್ದರೆ ಅದೂ ಅವನ ತಲೆಯ ಮೇಲೆ. ಇಷ್ಟಕ್ಕೂ ಬೆಲೆ ಕಟ್ಟಿಕೊಂಡೇ ಅವನು ಸಂಖ್ಯೆ ಹೇಳುತ್ತಾನೆ.

ಇದರ ಮೇಲೆ ತೆರಿಗೆ ಬೇರೆ. 2025ರ ಜನವರಿಯಿಂದ ನೋಂದಾಯಿತ ವ್ಯಾಪಾರಿ ಹಳೆ ಕಾರು ಮಾರಿದಾಗ ತನಗೆ ಸಿಗುವ ಅಂತರದ ಮೇಲೆ 18% ಜಿಎಸ್‌ಟಿ ಕಟ್ಟಬೇಕು. ಅದಕ್ಕೆ ಮೊದಲು ಸಣ್ಣ ಕಾರುಗಳಿಗೆ ಇದು 12% ಇತ್ತು. ಗಮನಿಸಿ, ತೆರಿಗೆ ಇರುವುದು ಪೂರ್ತಿ ಬೆಲೆಯ ಮೇಲೆ ಅಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರದ ಮೇಲೆ ಮಾತ್ರ. 70,000 ರೂಪಾಯಿ ಅಂತರ ಇದ್ದರೆ 12,600 ಸರ್ಕಾರಕ್ಕೆ ಹೋಗುತ್ತದೆ. ನೀವು ಮನೆ ಬಳಕೆಯ ಕಾರನ್ನು ಇನ್ನೊಬ್ಬ ಸಾಮಾನ್ಯ ವ್ಯಕ್ತಿಗೆ ನೇರವಾಗಿ ಮಾರಿದರೆ ಈ ಜಿಎಸ್‌ಟಿ ಇಲ್ಲ. ಹೊರಗೆ ಮಾರಿದರೆ ಹೆಚ್ಚು ಸಿಗುತ್ತದೆ ಎಂಬ ಮಾತಿಗೆ ಆಧಾರ ಇದೇ: ದಲ್ಲಾಳಿಯ ಕೆಲಸ, ಅವನ ಅಪಾಯ ಮತ್ತು ಅವನ ತೆರಿಗೆಯ ಪಾಲು ನಿಮಗೂ ಕೊಳ್ಳುವವನಿಗೂ ಹಂಚಿಹೋಗುತ್ತದೆ. ಕೆಲಸ ಮತ್ತು ಅಪಾಯ ಕೂಡ ನಿಮ್ಮ ಪಾಲಿಗೆ ಬರುತ್ತವೆ ಎಂಬುದನ್ನು ಮರೆಯಬಾರದು.

ಅಮೆರಿಕದಲ್ಲಿರುವ ಬಂಧುಗಳು ಈ ವಿಷಯದಲ್ಲಿ ಸಲಹೆ ಕೊಟ್ಟರೆ ಸ್ವಲ್ಪ ಎಚ್ಚರದಿಂದ ಕೇಳಬೇಕು. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಹಳೆ ಕಾರಿನ ಬೆಲೆಯನ್ನು ಕಳೆದು ಉಳಿದ ಮೊತ್ತಕ್ಕೆ ಮಾತ್ರ ಮಾರಾಟ ತೆರಿಗೆ ಹಾಕುತ್ತಾರೆ. ಟೆಕ್ಸಾಸ್‌ನಲ್ಲಿ ಈ ತೆರಿಗೆ 6.25%, ಹತ್ತು ಸಾವಿರ ಡಾಲರ್‌ನ ಹಳೆ ಕಾರು ಕೊಟ್ಟರೆ 625 ಡಾಲರ್ ತೆರಿಗೆ ಉಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಆ ರಿಯಾಯಿತಿ ಇಲ್ಲ. ನಮ್ಮಲ್ಲೂ ಇಲ್ಲ. ಜಿಎಸ್‌ಟಿ ನಿಯಮದ ಪ್ರಕಾರ ವಿನಿಮಯದಲ್ಲಿ ಕೊಟ್ಟ ಹಳೆ ವಸ್ತುವಿನ ಬೆಲೆಯನ್ನು ಹೊಸದರ ಮೌಲ್ಯದಿಂದ ಕಳೆಯುವಂತಿಲ್ಲ, ಕರ್ನಾಟಕದ ಜೀವಾವಧಿ ತೆರಿಗೆಗೂ ಹೊಸ ಕಾರಿನ ಬೆಲೆಯೇ ಆಧಾರ. ಆದ್ದರಿಂದ ಎಕ್ಸ್‌ಚೇಂಜ್ ಮಾಡಿದರೆ ತೆರಿಗೆ ಉಳಿಯುತ್ತದೆ ಎಂಬ ಲೆಕ್ಕವನ್ನು ಇಲ್ಲಿ ಬಿಟ್ಟುಬಿಡಬಹುದು.

ಎರಡು ಚೀಟಿ ತೆಗೆದುಕೊಳ್ಳಿ

ಈಗ ನಿಜವಾದ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಮೈಸೂರಿನ ಒಂದು ಕುಟುಂಬ ಎಂದುಕೊಳ್ಳಿ. ಅವರದು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೊದಲ ಮಾಲೀಕರು, 62,000 ಕಿಲೋಮೀಟರ್ ಓಡಿದೆ, ಎಲ್ಲ ಸರ್ವೀಸ್ ಕಂಪನಿಯಲ್ಲೇ ಆಗಿದೆ. ಕೊಳ್ಳಲು ಹೊರಟಿರುವ ಹೊಸ ಕಾರಿನ ಆನ್‌ರೋಡ್ ಬೆಲೆ 11,80,000 ರೂಪಾಯಿ. ಸಂಖ್ಯೆಗಳು ಕಲ್ಪಿತ, ಆದರೆ ಶೋರೂಮಿನ ಚೀಟಿ ಹೀಗೆಯೇ ಇರುತ್ತದೆ.

ಪ್ರತಿನಿಧಿ ಬರೆದುಕೊಡುವ ಚೀಟಿ: ಹಳೆ ಕಾರಿಗೆ 3,55,000, ಎಕ್ಸ್‌ಚೇಂಜ್ ಬೋನಸ್ 30,000, ನಗದು ರಿಯಾಯಿತಿ 10,000. ಒಟ್ಟು 3,95,000 ಕಳೆದು ನೀವು ಕೊಡಬೇಕಾದದ್ದು 7,85,000. ಆಮೇಲೆ ಅವನು ಪೆನ್ನಿನಿಂದ ಮೊದಲ ಎರಡು ಸಂಖ್ಯೆಗಳಿಗೆ ಸುತ್ತು ಹಾಕಿ, "ನೋಡಿ, ನಿಮ್ಮ ಗಾಡಿಗೆ 3,85,000 ಸಿಕ್ಕಹಾಗಾಯಿತು" ಎನ್ನುತ್ತಾನೆ.

ಸಿಕ್ಕಿಲ್ಲ. ಎಷ್ಟು ಸಿಕ್ಕಿದೆ ಎಂದು ತಿಳಿಯಲು ಇನ್ನೊಂದು ಚೀಟಿ ಬೇಕು. ಅದೇ ಕಾರು, ಅದೇ ಬಣ್ಣ, ಅದೇ ತಿಂಗಳು, ಹಳೆ ಕಾರು ಕೊಡುವುದಿಲ್ಲ ಎಂದರೆ ಎಷ್ಟು? ಇದನ್ನು ಗಟ್ಟಿಯಾಗಿ ಕೇಳಿದಾಗ, ಅಥವಾ ಅದೇ ಕಂಪನಿಯ ಇನ್ನೊಂದು ಶೋರೂಮಿನಲ್ಲಿ ಹಳೆ ಕಾರಿನ ಪ್ರಸ್ತಾಪವೇ ಇಲ್ಲದೆ ಕೇಳಿದಾಗ, ನಗದು ರಿಯಾಯಿತಿ 25,000 ಆಗುತ್ತದೆ ಎಂದುಕೊಳ್ಳಿ. ಆಗ ಕೊಡಬೇಕಾದದ್ದು 11,55,000. ಎರಡು ಚೀಟಿಗಳ ಕೊನೆಯ ಸಾಲುಗಳ ನಡುವಿನ ವ್ಯತ್ಯಾಸ 3,70,000. ಶೋರೂಂ ನಿಮ್ಮ ಹಳೆ ಕಾರಿಗೆ ನಿಜವಾಗಿ ಕೊಡುತ್ತಿರುವ ಬೆಲೆ ಅಷ್ಟೇ. 3,55,000 ಅಲ್ಲ, 3,85,000 ಕೂಡ ಅಲ್ಲ.

ಹೊಸ ಕಾರಿನ ರಿಯಾಯಿತಿಯಲ್ಲಿ ಮಿಕ್ಕಿದ್ದನ್ನು ಹಳೆ ಕಾರಿನ ಸಾಲಿಗೆ ಸರಿಸಿದರೆ ಗಿರಾಕಿ ಸಂತೋಷವಾಗಿ ಹೋಗುತ್ತಾನೆ, ಶೋರೂಮಿಗೆ ಒಂದು ರೂಪಾಯಿಯೂ ಹೆಚ್ಚು ಖರ್ಚಾಗುವುದಿಲ್ಲ. ಇದನ್ನು ಮೋಸ ಎಂದು ಕರೆಯಲು ನಾನು ಹೋಗುವುದಿಲ್ಲ. ಎರಡು ವ್ಯಾಪಾರಗಳನ್ನು ಒಂದೇ ಮೇಜಿನ ಮೇಲೆ ಮಾಡಿದಾಗ ಸಂಖ್ಯೆಗಳು ಹೀಗೆ ಓಡಾಡುವುದು ಸಹಜ. ಅದಕ್ಕೇ ಒಳಗಿನ ಸಾಲುಗಳನ್ನು ಬಿಟ್ಟು ಕೊನೆಯ ಸಾಲನ್ನು ಮಾತ್ರ ಹೋಲಿಸಬೇಕು. ಹಾಗೆ ಹೋಲಿಸುವಾಗ ಎರಡೂ ಚೀಟಿಗಳಲ್ಲಿ ವಿಮೆ, ಹೆಚ್ಚುವರಿ ವಾರಂಟಿ, ಬಿಡಿ ಪರಿಕರಗಳ ಪ್ಯಾಕೇಜ್ ಒಂದೇ ಇರಬೇಕು. ಒಂದರಲ್ಲಿ ನಲವತ್ತು ಸಾವಿರದ ಪರಿಕರ ಸೇರಿಸಿ ಇನ್ನೊಂದರಲ್ಲಿ ಬಿಟ್ಟರೆ ಲೆಕ್ಕಕ್ಕೆ ಅರ್ಥವಿಲ್ಲ. ವಿಮೆಯ ನೋ ಕ್ಲೈಮ್ ಬೋನಸ್ ಅನ್ನು ರಿಯಾಯಿತಿಯ ಪಟ್ಟಿಯಲ್ಲಿ ಬರೆದಿದ್ದರೆ ಹೊಡೆದುಹಾಕಿ. ಅದು ಶೋರೂಂ ಕೊಡುವುದಲ್ಲ, ನೀವು ವರ್ಷಗಟ್ಟಲೆ ಕ್ಲೈಮ್ ಮಾಡದೆ ಗಳಿಸಿದ್ದು. ಹಳೆ ಕಾರನ್ನು ಯಾರಿಗೆ ಮಾರಿದರೂ ಸಿಗುತ್ತದೆ.

ಇನ್ನೊಂದು ಪ್ರಶ್ನೆ ಕೇಳಲು ಬಹಳ ಜನರಿಗೆ ಹೊಳೆಯುವುದಿಲ್ಲ. ಎಕ್ಸ್‌ಚೇಂಜ್ ಬೋನಸ್ ಸಾಮಾನ್ಯವಾಗಿ ಬರುವುದು ಕಾರು ತಯಾರಿಸುವ ಕಂಪನಿಯಿಂದ. ಅದನ್ನು ಪಡೆಯಲು ಡೀಲರ್ ಕಂಪನಿಗೆ ದಾಖಲೆ ಕಳುಹಿಸಬೇಕು: ಹಳೆ ಕಾರಿನ ಆರ್‌ಸಿ, ಅದು ಬೇರೆಯವರ ಹೆಸರಿಗೆ ವರ್ಗವಾದದ್ದಕ್ಕೆ ಪುರಾವೆ, ಹಳೆ ಮತ್ತು ಹೊಸ ಕಾರು ಒಂದೇ ಹೆಸರಿನಲ್ಲಿ ಅಥವಾ ಹತ್ತಿರದ ಕುಟುಂಬದಲ್ಲಿ ಇರುವುದಕ್ಕೆ ಪುರಾವೆ. ಹಲವು ಯೋಜನೆಗಳಲ್ಲಿ ಹಳೆ ಕಾರನ್ನು ಆ ಡೀಲರ್‌ಗೇ ಕೊಟ್ಟಿರಬೇಕು ಎಂಬ ಷರತ್ತು ಇರುವುದಿಲ್ಲ. ನೀವು ಹೊರಗೆ ಮಾರಿ, ಹೊಸ ಮಾಲೀಕರ ಹೆಸರಿನ ಆರ್‌ಸಿ ಪ್ರತಿಯನ್ನು ನಿಗದಿತ ಅವಧಿಯೊಳಗೆ ತಂದುಕೊಟ್ಟರೂ ಬೋನಸ್ ಸಿಗಬಹುದು. ಸಿಗುತ್ತದೆಯೇ, ಎಷ್ಟು ದಿನದೊಳಗೆ, ಮೊದಲೇ ಕಳೆಯುತ್ತೀರೋ ಆಮೇಲೆ ಹಿಂದಿರುಗಿಸುತ್ತೀರೋ ಎಂಬುದನ್ನು ಬುಕಿಂಗ್ ಹಣ ಕೊಡುವ ಮುಂಚೆ ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ಬೋನಸ್ ಡೆಲಿವರಿಯ ದಿನ ನೆನಪಿನಿಂದ ಜಾರುವುದುಂಟು.

ನಮ್ಮ ಉದಾಹರಣೆಯಲ್ಲಿ ಆ ಬೋನಸ್ ಹೊರಗೆ ಮಾರಿದರೂ ಸಿಗುವುದಾದರೆ ಎರಡನೆಯ ಚೀಟಿ 11,25,000ಕ್ಕೆ ಇಳಿಯುತ್ತದೆ. ಆಗ ಶೋರೂಂ ಕೊಡುತ್ತಿರುವ ನಿಜವಾದ ಬೆಲೆ 3,40,000 ಮಾತ್ರ. ಒಂದೇ ಒಂದು ಪ್ರಶ್ನೆಯಿಂದ ಮೂವತ್ತು ಸಾವಿರದ ವ್ಯತ್ಯಾಸ.

ಹೊರಗಿನ ಬೆಲೆಯನ್ನು ಅಳೆಯುವುದು

ಈ 3,70,000ದ ಎದುರಿಗೆ ಇಡಬೇಕಾದದ್ದು ಹೊರಗೆ ನಿಜವಾಗಿ ಕೈಗೆ ಬರುವ ಹಣ. ಇಲ್ಲಿ ನಮ್ಮ ಕಡೆಯಿಂದ ತಪ್ಪಾಗುತ್ತದೆ. ಅಂತರ್ಜಾಲದಲ್ಲಿ ಅದೇ ಮಾದರಿಯ ಕಾರಿಗೆ 4,60,000 ಎಂದು ಹಾಕಿರುವುದನ್ನು ನೋಡಿ ಅದೇ ಬೆಲೆ ಎಂದುಕೊಳ್ಳುತ್ತೇವೆ. ಅದು ಮಾರುವವರು ಕೇಳುವ ಬೆಲೆ, ಮಾರಾಟವಾದ ಬೆಲೆಯಲ್ಲ. ಬಹುಶಃ ಎರಡು ತಿಂಗಳಿಂದ ಮಾರಾಟವಾಗದೆ ನಿಂತಿರುವ ಕಾರಿನ ಬೆಲೆ. ವಿಮಾ ಪತ್ರದಲ್ಲಿ ಬರೆದಿರುವ ಘೋಷಿತ ಮೌಲ್ಯವೂ ಮಾರುಕಟ್ಟೆ ಬೆಲೆಯಲ್ಲ. ಅದು ಸವಕಳಿಯ ಕೋಷ್ಟಕದಿಂದ ಬಂದದ್ದು, ಐದು ವರ್ಷ ದಾಟಿದ ಕಾರಿಗೆ ಅಂತೂ ನೀವೂ ವಿಮಾ ಕಂಪನಿಯೂ ಒಪ್ಪಿಕೊಂಡ ಸಂಖ್ಯೆ ಅಷ್ಟೇ.

ಬೇಗ ಅಳೆಯಲು ಒಂದು ದಾರಿ ಇದೆ. ಹಳೆ ಕಾರು ಕೊಳ್ಳುವ ಆನ್‌ಲೈನ್ ಕಂಪನಿಗಳು ಮನೆಗೇ ಬಂದು ಪರೀಕ್ಷಿಸಿ ಬೆಲೆ ಹೇಳುತ್ತವೆ. ಅಂಥ ಎರಡು ಬೆಲೆ ತೆಗೆದುಕೊಳ್ಳಿ. ಅವರೂ ವ್ಯಾಪಾರಿಗಳೇ ಆದ್ದರಿಂದ ಅದು ನಿಮ್ಮ ಕಾರಿನ ಸಗಟು ಬೆಲೆ, ಅಂದರೆ ನೆಲಮಟ್ಟ. ಮನೆ ಬಳಕೆಗೆ ಕೊಳ್ಳುವ ವ್ಯಕ್ತಿ ಅದಕ್ಕಿಂತ ಎಷ್ಟು ಹೆಚ್ಚು ಕೊಡುತ್ತಾನೆ ಎಂಬುದು ಕಾರಿನ ಮೇಲೆ ಅವಲಂಬಿಸಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದ ಮೇಲೆ ಹೊಸ ಸಣ್ಣ ಕಾರುಗಳೇ ಅಗ್ಗವಾಗಿವೆ. ಅದಕ್ಕೂ ಹಿಂದೆ ಕಾರು ಮಾರಿದ ಸ್ನೇಹಿತರ ಬೆಲೆಯನ್ನು ಮಾದರಿಯಾಗಿ ಇಟ್ಟುಕೊಂಡರೆ ನಿರಾಸೆಯಾಗುತ್ತದೆ. ಇನ್ನೊಂದು ಚಿಕ್ಕ ಸಂಗತಿ: ಕೊಳ್ಳುವವರು ಕಾರಿನ ವಯಸ್ಸನ್ನು ವರ್ಷದ ಸಂಖ್ಯೆಯಲ್ಲಿ ಎಣಿಸುತ್ತಾರೆ. ಡಿಸೆಂಬರಿನಲ್ಲಿ ಏಳು ವರ್ಷದ್ದಾಗಿದ್ದ ಕಾರು ಜನವರಿ ಒಂದರಂದು ಎಂಟು ವರ್ಷದ್ದಾಗುತ್ತದೆ.

ಮೈಸೂರಿನ ಕುಟುಂಬ 4,40,000 ಕೇಳಿ, ಚೌಕಾಸಿಯ ನಂತರ 4,10,000ಕ್ಕೆ ಒಪ್ಪುತ್ತದೆ ಎನ್ನೋಣ. ತೊಳೆಸಿ, ಸಣ್ಣ ಗೀರು ಸರಿ ಮಾಡಿಸಿ, ಬ್ಯಾಟರಿ ಬದಲಿಸಿದ್ದಕ್ಕೆ 8,000. ಮಾರಾಟ ತಡವಾಗಿ ಮಧ್ಯದಲ್ಲಿ ವಿಮೆ ಮುಗಿದು ನವೀಕರಿಸಿದ್ದಕ್ಕೆ 6,000. ಉಳಿದದ್ದು 3,96,000. ಬೋನಸ್ ಶೋರೂಮಿಗೆ ಕೊಟ್ಟರೆ ಮಾತ್ರ ಎಂದಾದರೆ ಲಾಭ 26,000. ಹೊರಗೆ ಮಾರಿದರೂ ಸಿಗುತ್ತದೆ ಎಂದಾದರೆ 56,000. ಭಾವ ಹೇಳಿದ ಐವತ್ತು ಸಾವಿರ ಒಂದು ಸಂದರ್ಭದಲ್ಲಿ ನಿಜ, ಇನ್ನೊಂದರಲ್ಲಿ ಅದರ ಅರ್ಧ. 26,000ಕ್ಕೆ ಒಂದು ತಿಂಗಳ ಫೋನ್ ಕರೆಗಳು, ಭಾನುವಾರದ ಟೆಸ್ಟ್ ಡ್ರೈವ್‌ಗಳು ಬೇಕೇ ಎಂಬುದು ಅವರವರ ಬಿಡುವಿಗೆ ಬಿಟ್ಟದ್ದು. ನನ್ನನ್ನು ಕೇಳಿದರೆ ಅಷ್ಟಕ್ಕೆ ಬೇಡ. 56,000ಕ್ಕೆ ಖಂಡಿತ ಬೇಕು.

ಆರ್‌ಸಿಯಲ್ಲಿ ಹೆಸರು ಇರುವವನೇ ಮಾಲೀಕ

ಹಣದ ಲೆಕ್ಕ ಇಲ್ಲಿಗೆ ಮುಗಿಯಿತು. ಈಗ ಹೆಚ್ಚು ಗಂಭೀರವಾದ ಭಾಗ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಹಣ ಪಡೆದಿರಬಹುದು, ಕೀಲಿ ಕೊಟ್ಟಿರಬಹುದು, ಮುದ್ರಾಂಕ ಕಾಗದದ ಮೇಲೆ ಒಪ್ಪಂದ ಬರೆದಿರಬಹುದು. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಮೂರನೆಯವರ ಕಣ್ಣಿಗೆ ಕಾರು ನಿಮ್ಮದೇ.

ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿದ್ದು ಇದನ್ನೇ. ಕಾರಿನ ನೋಂದಾಯಿತ ಮಾಲೀಕ 2007ರಲ್ಲೇ ಅದನ್ನು ಮಾರಿದ್ದ. ಆಮೇಲೆ ಅದು ಕೈಯಿಂದ ಕೈಗೆ ದಾಟುತ್ತಾ ಹೋಯಿತು, ಆದರೆ ಆರ್‌ಸಿಯಲ್ಲಿ ಹೆಸರು ಬದಲಾಗಲಿಲ್ಲ. 2009ರಲ್ಲಿ ಅಪಘಾತವಾಯಿತು. ಪರಿಹಾರದ ಹೊಣೆ ಯಾರದು ಎಂಬ ಪ್ರಶ್ನೆ ಕೊನೆಗೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ದಾಖಲೆಯಲ್ಲಿ ಹೆಸರಿರುವವನೇ ಹೊಣೆ ಎಂದು ತೀರ್ಪಾಯಿತು. ಗಾಯಗೊಂಡವರು ಅಥವಾ ಸತ್ತವರ ಮನೆಯವರು ಮಾರಾಟದ ಸರಪಳಿಯನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ ಎಂಬುದು ಅದರ ಹಿಂದಿನ ನ್ಯಾಯ. ಆ ಹೊತ್ತಿಗೆ ಕಾರಿಗೆ ವಿಮೆ ಇದ್ದರೆ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ. ಆದರೆ ದಲ್ಲಾಳಿಯ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ವಿಮೆಯನ್ನು ಯಾರು ನವೀಕರಿಸುತ್ತಾರೆ?

ಶೋರೂಮಿಗೆ ಕೊಟ್ಟರೆ ತಲೆನೋವಿಲ್ಲ ಎಂಬ ಮಾತು ಅಲುಗಾಡುವುದು ಇಲ್ಲೇ. ಎಕ್ಸ್‌ಚೇಂಜ್ ದಿನ ನಿಮ್ಮ ಮುಂದೆ ಫಾರಂ 29 ಮತ್ತು ಫಾರಂ 30 ಇಟ್ಟು ಸಹಿ ಕೇಳುತ್ತಾರೆ. ಫಾರಂ 29 ಮಾರಿದ್ದಕ್ಕೆ ನೀವು ಕೊಡುವ ಸೂಚನೆ. ಫಾರಂ 30 ಹೆಸರು ವರ್ಗಾವಣೆಗೆ ಅರ್ಜಿ. ಕೊಳ್ಳುವವನ ಹೆಸರಿನ ಜಾಗ ಖಾಲಿ ಇರುತ್ತದೆ. ಯಾಕೆಂದರೆ ದಲ್ಲಾಳಿ ಕಾರನ್ನು ತನ್ನ ಹೆಸರಿಗೆ ಮಾಡಿಕೊಂಡರೆ ಮಾಲೀಕರ ಎಣಿಕೆ ಒಂದು ಹೆಚ್ಚಿ, "ಎರಡನೆಯ ಮಾಲೀಕ" ಎಂದಾಗಿ ಬೆಲೆ ಇಳಿಯುತ್ತದೆ. ಅವನು ನಿಮ್ಮ ಸಹಿ ಇರುವ ಖಾಲಿ ಫಾರಂಗಳನ್ನು ಇಟ್ಟುಕೊಂಡು, ಕೊನೆಯ ಗಿರಾಕಿ ಸಿಕ್ಕಿದಾಗ ಹೆಸರು ತುಂಬುತ್ತಾನೆ. ಅದು ಎರಡು ವಾರವಾಗಬಹುದು, ಆರು ತಿಂಗಳಾಗಬಹುದು. ಅಲ್ಲಿಯವರೆಗೆ ಆ ಕಾರಿನ ಸಿಗ್ನಲ್ ದಂಡದ ಸಂದೇಶ ಬರುವುದು ನಿಮ್ಮ ಮೊಬೈಲ್‌ಗೆ. ದಂಡ ಸಣ್ಣದು, ಅಪಘಾತ, ಕಳ್ಳಸಾಗಣೆ ಸಣ್ಣದಲ್ಲ.

ಇದಕ್ಕೆ ಕಾನೂನಿನಲ್ಲಿ ಒಂದು ಮದ್ದು ಬಂದಿದೆ, ಬಳಸುವವರು ಕಡಿಮೆ. ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರಿನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಹಳೆ ವಾಹನಗಳ ವ್ಯಾಪಾರಿಗಳಿಗೆ ಅಧಿಕೃತ ಪ್ರಮಾಣಪತ್ರದ ವ್ಯವಸ್ಥೆ ಮಾಡಿತು. ಆ ಪ್ರಮಾಣಪತ್ರ ಇರುವ ವ್ಯಾಪಾರಿಗೆ ನೀವು ಕಾರು ಒಪ್ಪಿಸಿದಾಗ ಫಾರಂ 29ಸಿ ಮೂಲಕ ಸಾರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಅದನ್ನು ತಿಳಿಸಬೇಕು. ಅಂದಿನಿಂದ ಕಾನೂನಿನ ಕಣ್ಣಿಗೆ ಆ ವ್ಯಾಪಾರಿಯೇ ಮಾಲೀಕ. ಕಾರಿನಿಂದ ಏನಾದರೂ ಆದರೆ ಹೊಣೆ ಅವನದು. ಮಾಲೀಕರ ಎಣಿಕೆಯಲ್ಲಿ ಅವನ ಹೆಸರು ಸೇರದೆಯೇ ನಿಮ್ಮ ಹೊಣೆ ಇಳಿಯುತ್ತದೆ ಎಂಬುದು ಇದರ ಜಾಣತನ. ಎಲ್ಲ ದಲ್ಲಾಳಿಗಳ ಬಳಿ ಈ ಪ್ರಮಾಣಪತ್ರ ಇರುವುದಿಲ್ಲ. ಆದ್ದರಿಂದ ಶೋರೂಮಿನಲ್ಲಿ ಬೆಲೆ ಕುದುರಿದ ಮೇಲೆ ಕೇಳಬೇಕಾದದ್ದು ಹೀಗೆ: ಕಾರನ್ನು ಕೊಳ್ಳುತ್ತಿರುವುದು ನೀವೋ, ಹೊರಗಿನ ದಲ್ಲಾಳಿಯೋ? ಪ್ರಮಾಣಪತ್ರ ಯಾರ ಹೆಸರಿನಲ್ಲಿದೆ? 29ಸಿ ಯಾವಾಗ ಸಲ್ಲಿಸುತ್ತೀರಿ? ಉತ್ತರ ತಡವರಿಸಿದರೆ, ಕೊಳ್ಳುವವರ ಹೆಸರು ಖಾಲಿ ಇರುವ ಫಾರಂಗೆ ಸಹಿ ಹಾಕಬೇಡಿ. ಬೆಲೆಯಲ್ಲಿ ಹತ್ತು ಸಾವಿರ ಕಡಿಮೆಯಾದರೂ 29ಸಿ ಸಲ್ಲಿಸುವವರಿಗೆ ಕೊಡುವುದು ನನಗೆ ಸರಿ ಕಾಣುತ್ತದೆ.

ವಿಚಿತ್ರವೆಂದರೆ ಈ ಒಂದು ವಿಷಯದಲ್ಲಿ ಹೊರಗಿನ ಮಾರಾಟ ಎಷ್ಟೋ ಸಲ ಹೆಚ್ಚು ಸ್ವಚ್ಛ. ಮನೆ ಬಳಕೆಗೆ ಕೊಳ್ಳುವವನಿಗೆ ತನ್ನ ಹೆಸರಿನ ಆರ್‌ಸಿ ಬೇಕೇ ಬೇಕು. ಅದನ್ನು ಮುಂದೂಡಿ ಅವನಿಗೆ ಲಾಭವಿಲ್ಲ. ಅದೇ ರಾಜ್ಯದೊಳಗಿನ ಮಾರಾಟವಾದರೆ ನೀವು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಕೊಳ್ಳುವವರೇ ಮಾಡಿಕೊಳ್ಳಲಿ ಎಂದು ಬಿಡದೆ, ಅರ್ಜಿ ಸಲ್ಲಿಕೆಯಾದ ರಸೀದಿಯ ಪ್ರತಿ ತೆಗೆದುಕೊಳ್ಳಿ. ಕೆಲವು ವಾರಗಳ ನಂತರ ಪರಿವಾಹನ್ ಪೋರ್ಟಲ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿದರೆ ಮಾಲೀಕರ ಹೆಸರಿನ ಅಕ್ಷರಗಳು ಭಾಗಶಃ ಕಾಣುತ್ತವೆ. ಅವು ನಿಮ್ಮದಲ್ಲ ಎಂದಾದರೆ ಕೆಲಸ ಮುಗಿಯಿತು. ಕೊಳ್ಳುವವರು ಬೇರೆ ರಾಜ್ಯದವರಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು, ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಕೆಲಸ ಉದ್ದವಾಗುತ್ತದೆ. ಸಾಧ್ಯವಾದರೆ ಕರ್ನಾಟಕದೊಳಗಿನ ಗಿರಾಕಿಯನ್ನೇ ಹಿಡಿಯಿರಿ.

ಹಣ ಕೈಗೆ ಬರುವ ದಿನ

ಹೊರಗೆ ಮಾರುವಾಗ ಎಡವುವುದು ಹೆಚ್ಚಾಗಿ ಹಣ ಪಡೆಯುವ ಹಂತದಲ್ಲಿ. ಜಾಹೀರಾತು ಹಾಕಿದ ಒಂದೆರಡು ಗಂಟೆಯಲ್ಲೇ ಕಾರು ನೋಡದೆ, ಚೌಕಾಸಿ ಮಾಡದೆ ಒಪ್ಪುವವರು ಕರೆ ಮಾಡುತ್ತಾರೆ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಮುಂಗಡ ಕಳುಹಿಸುತ್ತೇನೆ ಎಂದು ಒಂದು ಕ್ಯೂಆರ್ ಕೋಡ್ ಕಳುಹಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುತ್ತದೆ ಎನ್ನುತ್ತಾರೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ.

ಪೂರ್ತಿ ಮೊತ್ತವನ್ನು ಬ್ಯಾಂಕ್ ಮೂಲಕವೇ ಪಡೆಯಿರಿ. ಸಂದೇಶದ ಚಿತ್ರ ತೋರಿಸಿದರೆ ಸಾಲದು, ನಿಮ್ಮ ಖಾತೆಯಲ್ಲಿ ಹಣ ಕಾಣಬೇಕು. ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡ ಬೀಳುವುದು ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತ. ಹಾಗೆಯೇ ಆರ್‌ಸಿಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿಯನ್ನು ಹಣ ಬರುವ ಮೊದಲು ಯಾರಿಗೂ ಹೇಳಬೇಡಿ. ಕಾರು ಒಪ್ಪಿಸುವಾಗ ದಿನಾಂಕ ಮಾತ್ರವಲ್ಲ, ಗಂಟೆ ನಿಮಿಷವನ್ನೂ ಬರೆದ ವಿತರಣಾ ಪತ್ರಕ್ಕೆ ಇಬ್ಬರೂ ಸಹಿ ಹಾಕಿ, ಕೊಂಡವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಕಾನೂನಿನ ಹೊಣೆಯನ್ನು ಅದು ಪೂರ್ತಿ ಇಳಿಸುವುದಿಲ್ಲ, ಆದರೆ ಪೊಲೀಸರು ಕರೆದಾಗ ತೋರಿಸಲು ಏನಾದರೂ ಇರುತ್ತದೆ.

ಕಾರಿನ ಮೇಲೆ ಸಾಲ ಉಳಿದಿದ್ದರೆ ಹೊರಗಿನ ಮಾರಾಟ ಒಂದು ಹೆಜ್ಜೆ ಕಷ್ಟ. ಸಾಲ ತೀರಿಸಿ, ಬ್ಯಾಂಕಿನಿಂದ ಫಾರಂ 35 ಮತ್ತು ನಿರಾಕ್ಷೇಪಣಾ ಪತ್ರ ಪಡೆದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿದ ಮೇಲೆಯೇ ವರ್ಗಾವಣೆ. ಅಪರಿಚಿತ ಗಿರಾಕಿ ಅಷ್ಟು ದಿನ ಹಣ ಕೊಟ್ಟು ಕಾಯುವುದಿಲ್ಲ. ನಿಮ್ಮಲ್ಲಿ ಸಾಲ ತೀರಿಸುವಷ್ಟು ಹಣ ಇಲ್ಲದಿದ್ದರೆ, ಬಾಕಿಯನ್ನು ನೇರವಾಗಿ ಬ್ಯಾಂಕಿಗೆ ಕಟ್ಟುವ ಡೀಲರ್‌ಗೆ ಕೊಡುವುದೇ ಪ್ರಾಯೋಗಿಕ.

ಯಾವ ಕಾರಿಗೆ ಯಾವ ದಾರಿ

ಎಂಟು ಹತ್ತು ವರ್ಷದೊಳಗಿನ, ಎಲ್ಲೆಡೆ ಓಡುವ ಮಾದರಿಯ, ಮೊದಲ ಮಾಲೀಕರ, ಸರ್ವೀಸ್ ದಾಖಲೆ ಪೂರ್ತಿ ಇರುವ ಪೆಟ್ರೋಲ್ ಕಾರಾದರೆ ಹೊರಗೆ ಮಾರುವುದು ಲಾಭ. ಅದರಲ್ಲೂ ಕಚೇರಿಯಲ್ಲಿ, ಬೀದಿಯಲ್ಲಿ, ನೆಂಟರಲ್ಲಿ ಕಾರು ಹುಡುಕುತ್ತಿರುವವರು ಇದ್ದರೆ ಯೋಚಿಸುವ ಅಗತ್ಯವೇ ಇಲ್ಲ. ಇಂಥ ಕಾರುಗಳಲ್ಲಿ ಸಗಟು ಬೆಲೆಗೂ ಹೊರಗಿನ ಬೆಲೆಗೂ ಅಂತರ ಚೆನ್ನಾಗಿರುತ್ತದೆ. ಅಪಘಾತವಾಗಿ ಚಾಸಿಸ್ ದುರಸ್ತಿಯಾದ ಕಾರು, ತಯಾರಿಕೆ ನಿಂತ ಮಾದರಿ, ದೇಶವನ್ನೇ ಬಿಟ್ಟುಹೋದ ಕಂಪನಿಯ ಕಾರು, ಬೇರೆ ರಾಜ್ಯದ ನೋಂದಣಿ ಇದ್ದು ಇಲ್ಲಿನ ತೆರಿಗೆ ಕಟ್ಟದ ಕಾರು, ಇವುಗಳಿಗೆ ಹೊರಗಿನ ಗಿರಾಕಿ ತಿಂಗಳುಗಟ್ಟಲೆ ಸಿಗುವುದಿಲ್ಲ. ಸಿಕ್ಕವನು ಆಮೇಲೆ ಜಗಳಕ್ಕೆ ಬರಬಹುದು. ಅಂಥವನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಬೋನಸ್ ಪಡೆಯುವುದು ಜಾಣತನ, ಯಾಕೆಂದರೆ ಬೋನಸ್ ಸಾಮಾನ್ಯವಾಗಿ ಕಾರಿನ ಸ್ಥಿತಿ ನೋಡುವುದಿಲ್ಲ. ಲಕ್ಷ ರೂಪಾಯಿಯ ಹಳೆ ಕಾರಿಗೆ ಮೂವತ್ತು ಸಾವಿರ ಬೋನಸ್ ಎಂದರೆ ಬೆಲೆಯ ಮೂರನೇ ಒಂದು ಭಾಗದಷ್ಟು ಹೆಚ್ಚುವರಿ.

ಹೊರಗೆ ಮಾರಲು ನಿರ್ಧರಿಸಿದರೆ ಹೊಸ ಕಾರಿನ ಕಾಯುವಿಕೆಯ ಅವಧಿಯನ್ನು ಬಳಸಿಕೊಳ್ಳಿ. ಬುಕಿಂಗ್ ಮಾಡಿದ ದಿನವೇ ಜಾಹೀರಾತು ಹಾಕಿ, ಶೋರೂಮಿನ ಎಕ್ಸ್‌ಚೇಂಜ್ ಬೆಲೆ ಎಷ್ಟು ದಿನ ಊರ್ಜಿತ ಎಂದು ಬರೆಸಿಕೊಳ್ಳಿ. ಗಿರಾಕಿ ಸಿಕ್ಕರೆ ಸರಿ, ಡೆಲಿವರಿಗೆ ಒಂದು ವಾರ ಇರುವಾಗಲೂ ಸಿಗದಿದ್ದರೆ ಶೋರೂಮಿಗೆ ಕೊಡಿ. ಹೊಸ ಕಾರು ಮನೆಗೆ ಬಂದ ಮೇಲೆ ಹಳೆಯದನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಮಾರಲು ಹೊರಟವರ ಚೌಕಾಸಿಯ ಬಲ ಅರ್ಧವಾಗಿರುತ್ತದೆ, ಅದು ಕೊಳ್ಳಲು ಬಂದವರಿಗೆ ಗೇಟಿನಲ್ಲೇ ಗೊತ್ತಾಗುತ್ತದೆ.

ಯಾವ ದಾರಿ ಹಿಡಿದರೂ ಮಾಡಬೇಕಾದ ಎರಡು ಕೆಲಸ ಉಳಿದಿವೆ. ಫಾಸ್ಟ್ಯಾಗ್ ಅನ್ನು ಬ್ಯಾಂಕಿಗೆ ತಿಳಿಸಿ ಮುಚ್ಚಿಸಬೇಕು, ಇಲ್ಲವಾದರೆ ಹೊಸ ಮಾಲೀಕರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ. ಎರಡನೆಯದು ನೋ ಕ್ಲೈಮ್ ಬೋನಸ್. ಅದು ಕಾರಿಗೆ ಅಂಟಿಕೊಂಡದ್ದಲ್ಲ, ನಿಮಗೆ ಸೇರಿದ್ದು. ಸತತ ಐದು ವರ್ಷ ಕ್ಲೈಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 50% ರಿಯಾಯಿತಿ. ಹೊಸ ಕಾರಿಗೆ ಆ ಭಾಗದ ಪ್ರೀಮಿಯಂ 24,000 ಇದ್ದರೆ ಉಳಿಯುವುದು 12,000. ಮಾರಾಟದ ದಾಖಲೆ ತೋರಿಸಿ ಹಳೆ ವಿಮಾ ಕಂಪನಿಯಿಂದ ಬೋನಸ್ ಕಾಯ್ದಿರಿಸಿದ ಪತ್ರ ಪಡೆಯಬೇಕು. ಆ ಪತ್ರಕ್ಕೆ ಮೂರು ವರ್ಷ ಬೆಲೆ ಇರುತ್ತದೆ, ಹೊಸ ಕಾರಿಗೆ ಯಾವ ಕಂಪನಿಯ ವಿಮೆ ತೆಗೆದುಕೊಂಡರೂ ನಡೆಯುತ್ತದೆ.